‘ತೂಕ ಬಂತಾ?’, ‘ಅವಸರ ಇಲ್ಲ’: ಕಾಫಿ ಬೆಟ್ಟಗಳ ಕಿರುನುಡಿಗಳಲ್ಲಿ ಹುಸಿಮಿತ್ರ ಪದಗಳ ಚರಿತ್ರೆ

ರೂಪದಲ್ಲಿ ಒಂದೇ ಎನಿಸಿ ಅರ್ಥದಲ್ಲಿ ಬೇರೆಯಾಗುವ ಎರಡು ಭಾಷೆಗಳ ಪದಗಳಿಗೆ ಕೆಸ್ಲರ್ ಮತ್ತು ದೆರೊಕಿನ್ಯಿ ಎಂಬ ಫ್ರೆಂಚ್ ವಿದ್ವಾಂಸರು 1928ರಲ್ಲಿ ‘ಹುಸಿಮಿತ್ರ’ ಎಂಬರ್ಥದ ಹೆಸರನ್ನು ಕೊಟ್ಟರು. ಅವರ ಲಕ್ಷ್ಯವಿದ್ದುದು ಅನುವಾದಕರ ಮೇಲೆ. ಅನುವಾದಕನ ಮುಂದೆ ಇಡೀ ವಾಕ್ಯವಿರುತ್ತದೆ, ಪಕ್ಕದಲ್ಲಿ ನಿಘಂಟು ಇರುತ್ತದೆ. ಎರಡು ಮೂರು ಪದಗಳ ದಿನಬಳಕೆಯ ಮಾತಿನಲ್ಲಿ ಇವೆರಡೂ ಇರುವುದಿಲ್ಲ. ಅಂಥ ಕಿರುನುಡಿಗಳಲ್ಲಿ ಯಾವ ಹುಸಿಮಿತ್ರ ಪದ ಬೇಗ ಬಯಲಾಗುತ್ತದೆ, ಯಾವುದು ಬಹುಕಾಲ ಅಡಗಿರುತ್ತದೆ ಎಂಬುದನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳ ಭಾಷಾ ಸಂದರ್ಭದಲ್ಲಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅರ್ಥಗಳ ನಡುವಿನ ಅಂತರವು ಇಲ್ಲಿ ನಿರ್ಣಾಯಕವಲ್ಲ. ತಪ್ಪು ಅರ್ಥವೂ ಸನ್ನಿವೇಶಕ್ಕೆ ಹೊಂದುತ್ತದೆಯೇ ಎಂಬುದೇ ನಿರ್ಣಾಯಕ ಎಂಬುದು ನಮ್ಮ ವಾದ.

1. ಬೆಟ್ಟದ ಮೇಲಿನ ಭಾಷೆಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬೆಟ್ಟಗಳಲ್ಲಿ ದೊಡ್ಡ ಕಾಫಿ ತೋಟಗಳು ಎದ್ದಾಗ ಸ್ಥಳೀಯ ಆಳುಗಳು ಸಾಲದೆ ಘಟ್ಟದ ಕೆಳಗಿನಿಂದ ತುಳು ಮಾತಾಡುವವರೂ ಅಂದಿನ ಮದರಾಸು ಪ್ರಾಂತದ ಸೀಮೆಗಳಿಂದ ತಮಿಳರೂ ಕೆಲಸಕ್ಕೆ ಬಂದರು. ಅವರಲ್ಲಿ ಅನೇಕರು ತೋಟದ ಲೈನುಗಳಲ್ಲಿ ನೆಲೆನಿಂತರು. ಕಳಸದ ಆಚೆ ಕುದುರೆಮುಖದಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾಗಿ, 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೆ ಹಲವು ರಾಜ್ಯಗಳ ನೌಕರರು ಅಲ್ಲಿದ್ದರು. ಇಂದು ಕೊಯ್ಲಿನ ಕಾಲಕ್ಕೆ ಉತ್ತರ ಕರ್ನಾಟಕದವರಲ್ಲದೆ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯವರೂ ಬರುತ್ತಾರೆ. ಈ ಕೊನೆಯವರಿಗೆ ಹಿಂದಿ ಬಹುಮಟ್ಟಿಗೆ ಮನೆಮಾತಲ್ಲ, ಸಂಪರ್ಕದ ಮಾತು. ತೆಲುಗು ಕೆಲವು ಕುಟುಂಬಗಳ ಮೂಲಕ, ವ್ಯಾಪಾರದ ಮೂಲಕ, ಈಚೆಗೆ ಪ್ರವಾಸಿಗರ ಮೂಲಕ ಇಲ್ಲಿ ಕೇಳಿಬರುತ್ತದೆ. ಹೀಗೆ ಒಂದೇ ಕಣದಲ್ಲಿ ದ್ರಾವಿಡದ ಹಲವು ಕವಲುಗಳೂ ಆರ್ಯ ಭಾಷೆಗಳೂ ಸೇರುತ್ತವೆ. ಅವು ಸೇರುವುದು ಮುಖ್ಯವಾಗಿ ಎತ್ತು, ಇಳಿಸು, ಸಾಕು, ನಾಳೆ ಬಾ ಎಂಬಂಥ ಚಿಕ್ಕ ಮಾತುಗಳಲ್ಲಿ.

2. ಆಕಸ್ಮಿಕ ಹೋಲಿಕೆ: ‘ಹಾಲು’

ಸರಳವಾದ ಉದಾಹರಣೆಯಿಂದ ತೊಡಗೋಣ. ಹಿಂದಿಯ ‘ಕ್ಯಾ ಹಾಲ್ ಹೈ?’ ಎಂಬ ಕುಶಲಪ್ರಶ್ನೆ ಕನ್ನಡದ ಕಿವಿಗೆ ಹಾಲಿನ ವಿಚಾರಣೆಯಂತೆ ಕೇಳುತ್ತದೆ. ಹಿಂದಿಯ ‘ಹಾಲ್’ ಅರಬ್ಬಿಯಿಂದ ಪಾರಸಿಯ ಮೂಲಕ ಬಂದದ್ದು, ‘ಸ್ಥಿತಿ’ ಎಂದು ಅರ್ಥ. ಕನ್ನಡದ ‘ಹಾಲು’ ಹಳಗನ್ನಡದ ‘ಪಾಲ್’. ತಮಿಳಿನಲ್ಲಿ ಇಂದಿಗೂ ‘ಪಾಲ್’. ಪಂಪ ಕಾವ್ಯ ಬರೆದ ಹತ್ತನೆಯ ಶತಮಾನದಲ್ಲಿ ಸಾಹಿತ್ಯಕ ಕನ್ನಡದ ರೂಪ ಪಕಾರದ್ದೇ ಆಗಿತ್ತು. ಪಕಾರವು ಹಕಾರವಾಗಿ ನೆಲೆಗೊಂಡ ಮೇಲೆ, ಅತ್ತ ಅರಬ್ಬಿ ಪದ ಉತ್ತರದ ಆಡುಮಾತಿಗೆ ಇಳಿದ ಮೇಲೆಯಷ್ಟೇ ಈ ಜೋಡಿ ಹುಟ್ಟಲು ಸಾಧ್ಯ. ಅಂದರೆ ಹುಸಿಮಿತ್ರ ಪದಗಳಿಗೂ ಹುಟ್ಟಿದ ಕಾಲವೊಂದಿರುತ್ತದೆ. ಎರಡು ಸ್ವತಂತ್ರ ಚರಿತ್ರೆಗಳು ಒಂದು ಬಿಂದುವಿನಲ್ಲಿ ಕೂಡಿದಾಗ ಅವು ಕಾಣಿಸಿಕೊಳ್ಳುತ್ತವೆ. ಈ ಬಗೆಯ ಜೋಡಿಯಿಂದ ಹಾನಿ ಕಡಿಮೆ. ದಾರಿಯಲ್ಲಿ ಎದುರಾದ ಅಪರಿಚಿತ ಹಾಲನ್ನು ಕೇಳುವುದು ಸನ್ನಿವೇಶಕ್ಕೆ ಒಪ್ಪದ್ದರಿಂದ ಕೇಳುಗನು ಒಡನೆಯೇ ಅನುಮಾನಿಸುತ್ತಾನೆ, ಇಬ್ಬರೂ ನಗುತ್ತಾರೆ.

3. ಒಂದೇ ಬೇರು, ಎರಡು ಫಲ: ‘ತೂಕ’

ಕೊಯ್ಲಿನ ದಿನಗಳಲ್ಲಿ ಅನೇಕ ತೋಟಗಳಲ್ಲಿ ಕೂಲಿ ನಿರ್ಧಾರವಾಗುವುದು ಕಿಲೋ ಲೆಕ್ಕದಲ್ಲಿ. ಸಂಜೆ ಹಣ್ಣಿನ ಚೀಲಗಳನ್ನು ತೂಗಿ, ಒಬ್ಬೊಬ್ಬರ ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ. ಅಲ್ಲಿ ಸಹಜವಾದ ಕನ್ನಡ ಪ್ರಶ್ನೆ: ‘ತೂಕ ಬಂತಾ?’ ಇದಕ್ಕೆ ಅಕ್ಷರಶಃ ಸಮನಾದ ತಮಿಳು ನುಡಿ ‘ತೂಕ್ಕಂ ವಂದದಾ?’ ಅದರ ಅರ್ಥ ‘ನಿದ್ದೆ ಬಂತಾ?’ ಎಂದು.

ಇಲ್ಲಿ ಆಕಸ್ಮಿಕವೆಂಬುದು ಏನೂ ಇಲ್ಲ. ನುಡಿಯ ಪ್ರತಿಯೊಂದು ಘಟಕವೂ ಜ್ಞಾತಿಪದವೇ. ತಮಿಳಿನ ಪದಾದಿ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದರಿಂದ ‘ವಂದದು’ ಮತ್ತು ‘ಬಂದುದು, ಬಂತು’ ಒಂದೇ ಕ್ರಿಯೆಯ ರೂಪಗಳು. ದೀರ್ಘಸ್ವರದ ಮುಂದಿನ ದ್ವಿತ್ವ ಕನ್ನಡದಲ್ಲಿ ಸಡಿಲಗೊಳ್ಳುವುದರಿಂದ ‘ತೂಕ್ಕಂ’ ಮತ್ತು ‘ತೂಕ’ ಜೊತೆಯಾಗುತ್ತವೆ. ಇವುಗಳ ಅಕರ್ಮಕ ಜೋಡಿ ತಮಿಳಿನ ‘ತೂಙ್ಗು’, ಕನ್ನಡದ ‘ತೂಗು’. ದೀರ್ಘಸ್ವರದ ಮುಂದಿನ ಅನುನಾಸಿಕವನ್ನು ಕನ್ನಡ ಕಳೆದುಕೊಂಡಿರುವುದನ್ನು ತಮಿಳಿನ ‘ಪಾಂಬು’, ಕನ್ನಡದ ‘ಹಾವು’ ಎಂಬ ಜೋಡಿಯಲ್ಲಿಯೂ ಕಾಣುತ್ತೇವೆ.

ಮೂಲದ ಅರ್ಥ ‘ನೇತಾಡು’ ಎಂದಿಟ್ಟುಕೊಂಡರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ತಕ್ಕಡಿ ನೇತಾಡುತ್ತದೆ, ಆದ್ದರಿಂದ ತೂಗುವುದೆಂದರೆ ಭಾರವನ್ನು ಅಳೆಯುವುದು. ತೊಟ್ಟಿಲು ನೇತಾಡುತ್ತದೆ, ಆದ್ದರಿಂದ ತೂಗುವುದೆಂದರೆ ಮಗುವನ್ನು ಮಲಗಿಸುವುದು. ತಲೆ ಅತ್ತಿತ್ತ ವಾಲುವುದೇ ಜೊಂಪು. ತಮಿಳಿನ ‘ತೂಕ್ಕಂ’ ದಿನಬಳಕೆಯಲ್ಲಿ ನಿದ್ದೆಯ ಕಡೆಗೆ ನಿಂತಿತು. ಭಾರಕ್ಕೆ ಅಲ್ಲಿ ‘ಎಡೈ’ ಬಳಕೆಗೆ ಬಂತು. ಕನ್ನಡದ ‘ತೂಕ’ ಭಾರದ ಕಡೆಗೆ ನಿಂತಿತು; ನಿದ್ದೆಗೆ ಸಂಸ್ಕೃತದ ‘ನಿದ್ರಾ’ ತದ್ಭವವಾಗಿ ಬಂತು. ಆದರೆ ಬಿಟ್ಟ ಅರ್ಥವನ್ನು ಎರಡೂ ಭಾಷೆಗಳು ಪೂರ್ತಿ ಬಿಡಲಿಲ್ಲ. ಕನ್ನಡದಲ್ಲಿ ‘ತೂಕಡಿಸು’ ಉಳಿದಿದೆ, ತಮಿಳಿನ ‘ತೂಕ್ಕು’ ಕ್ರಿಯಾಪದಕ್ಕೆ ತೂಗುವ ಅರ್ಥ ನಿಘಂಟಿನಲ್ಲಿ ಉಳಿದಿದೆ. ಭಿನ್ನತೆ ಇರುವುದು ಇಡೀ ಧಾತುವಿನಲ್ಲಲ್ಲ, ಒಂದು ನಾಮಪದದಲ್ಲಿ.

ತಕ್ಕಡಿಯ ಮುಂದೆ ‘ನಿದ್ದೆ ಬಂತಾ?’ ಎಂಬ ಅರ್ಥ ಒಪ್ಪುವುದಿಲ್ಲ. ಹಾಗಾಗಿ ನಾಮಪದದ ಗೊಂದಲ ಬೇಗ ತೀರುತ್ತದೆ. ಕ್ರಿಯಾಪದದ ಕಥೆ ಬೇರೆ. ಆಡುದಮಿಳಿನಲ್ಲಿ ‘ತೂಕ್ಕು’ ಎಂದರೆ ಮುಖ್ಯವಾಗಿ ‘ಎತ್ತು’. ಚೀಲ ನೆಲದ ಮೇಲಿರುವಾಗ ಬರೆದುಕೊಳ್ಳುವವರು ‘ತೂಗು’ ಎಂದರೆ, ಅದನ್ನು ‘ಎತ್ತು’ ಎಂದು ತಿಳಿದವನೂ ಚೀಲವನ್ನು ಎತ್ತಿ ಕೊಕ್ಕೆಗೆ ಹಾಕುತ್ತಾನೆ. ಅರ್ಥ ತಪ್ಪಿದರೂ ಕೆಲಸ ತಪ್ಪಲಿಲ್ಲ. ಚೀಲ ಆಗಲೇ ಕೊಕ್ಕೆಯಲ್ಲಿರುವಾಗ ಅದೇ ಮಾತು ಬಂದರೆ, ಅಂಕಿ ಓದುವ ಮೊದಲೇ ಆತ ಅದನ್ನು ಎತ್ತಿ ಕೆಳಗಿಳಿಸಬಹುದು. ಆಗ ಮಾತ್ರ, ಎಷ್ಟೋ ದಿನಗಳಿಂದ ಇದ್ದ ತಪ್ಪು ತಿಳಿವಳಿಕೆ ಹೊರಬೀಳುತ್ತದೆ.

4. ಒಂದೇ ಎರವಲು, ಬೇರೆ ಬೇರೆ ದಾರಿ: ‘ಅವಸರ’ ಮತ್ತು ‘ತೊಂದರೆ’

ನಿಜವಾದ ತೊಡಕು ಇರುವುದು ಇಲ್ಲಿ. ಸಂಸ್ಕೃತದ ‘ಅವಸರ’ಕ್ಕೆ ಸಂದರ್ಭ, ತಕ್ಕ ಸಮಯ ಎಂಬ ಅರ್ಥಗಳಿವೆ. ಹಿಂದಿ ಇದನ್ನು ‘ಅವಕಾಶ’ ಎಂಬರ್ಥದಲ್ಲಿ ಉಳಿಸಿಕೊಂಡಿತು, ಮಲಯಾಳವೂ ಹಾಗೆಯೇ. ಇಂದಿನ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಅದು ಆತುರ. ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ. ಅರ್ಥ ಸರಿದ ದಾರಿಯನ್ನು ಹೀಗೆ ವಿವರಿಸಬಹುದು: ತಕ್ಕ ಸಮಯವು ಮೀರಿಹೋಗುವ ಒತ್ತಡವನ್ನು ಕನ್ನಡ, ತಮಿಳುಗಳು ಮುಂದುಮಾಡಿದವು, ಆ ಸಮಯವು ಬೇಡುವ ವಸ್ತುವನ್ನು ತೆಲುಗು ಮುಂದುಮಾಡಿತು.

ಹಾಗಾದರೆ ತೆಲುಗಿನಲ್ಲಿ ಆತುರಕ್ಕೆ ಪದ ಯಾವುದು? ‘ತೊಂದರ’. ಕನ್ನಡದಲ್ಲಿ ‘ತೊಂದರೆ’ ಎಂದರೆ ಕಷ್ಟ, ಅಡಚಣೆ. ತಮಿಳಿನ ‘ತೊಂದರವು’ ಕೂಡ ಅದೇ. ಹೀಗೆ ಎರಡು ಹುಸಿಮಿತ್ರ ಪದಗಳು ಕೊಂಡಿಯಂತೆ ಸೇರಿಕೊಂಡಿವೆ. ತೆಲುಗಿನ ‘ಅವಸರಂ’ ಕನ್ನಡದ ಅಗತ್ಯ. ತೆಲುಗಿನ ‘ತೊಂದರ’ ಕನ್ನಡದ ಅವಸರ. ಕನ್ನಡದ ‘ತೊಂದರೆ’ಗೆ ತೆಲುಗಿನಲ್ಲಿ ಬೇರೆಯೇ ಪದ ಬೇಕು. ಪದಗಳು ಒಂದೊಂದು ಸ್ಥಾನ ಸರಿದು ಕುಳಿತಂತಾಗಿದೆ.

ಒಂದು ಸನ್ನಿವೇಶವನ್ನು ಊಹಿಸೋಣ. ತೆಲುಗು ಮನೆಮಾತಿನ ಕಾರ್ಮಿಕನೊಬ್ಬ ಅರೆಗನ್ನಡದಲ್ಲಿ ‘ನಾಳೆ ಬರಬೇಕಾ?’ ಎಂದು ಕೇಳುತ್ತಾನೆ. ಹಿಂದಿನ ದಿನದ ಮಳೆಗೆ ಹಣ್ಣು ಒದ್ದೆಯಾಗಿದೆ, ಬೆಳಗ್ಗೆ ತಡವಾಗಿ ಬಂದರೂ ಆದೀತು ಎಂಬ ಅರ್ಥದಲ್ಲಿ ಮೇಸ್ತ್ರಿ ‘ಅವಸರ ಇಲ್ಲ’ ಎನ್ನುತ್ತಾನೆ. ‘ಇಲ್ಲ’ವನ್ನು ಆತ ಬಲ್ಲ, ‘ಅವಸರ’ವನ್ನು ತನ್ನದೆಂದೇ ನಂಬಿದ್ದಾನೆ. ಅವನಿಗೆ ಕೇಳಿಸುವುದು ತೆಲುಗಿನ ‘ಅವಸರಂ ಲೇದು’, ಎಂದರೆ ‘ಬೇಕಾಗಿಲ್ಲ’. ಮರುದಿನ ಅವನು ಬರುವುದಿಲ್ಲ. ಒಂದು ದಿನದ ಕೂಲಿ ಹೋಯಿತು. ಮೇಸ್ತ್ರಿಯ ಲೆಕ್ಕದಲ್ಲಿ ಅವನು ಹೇಳದೆ ಕೇಳದೆ ತಪ್ಪಿಸಿಕೊಂಡವನು. ಮೇಸ್ತ್ರಿ ಗದರಿಸಿದಾಗ ಆತ ‘ನೀವೇ ಬೇಡವೆಂದಿರಿ’ ಎಂದರೆ ಅದು ಸುಳ್ಳಿನಂತೆ ಕೇಳುತ್ತದೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ.

ಹಿಮ್ಮುಖವಾಗಿಯೂ ಇದು ನಡೆಯುತ್ತದೆ. ‘ಡಬ್ಬು ಅವಸರಂ’ ಎಂದು ತೆಲುಗಿನವನು ಮುಂಗಡ ಕೇಳಿದರೆ, ಹಣದ ಅಗತ್ಯವಿದೆ ಎಂಬ ವಿನಂತಿಯು ಕನ್ನಡದ ಕಿವಿಗೆ ಹಣಕ್ಕಾಗಿ ಆತುರಪಡುವ ಒತ್ತಾಯವಾಗಿ ಕೇಳುತ್ತದೆ. ಇದಕ್ಕೆ ‘ತೊಂದರೆ ಇಲ್ಲ, ಕೊಡೋಣ’ ಎಂದು ಕನ್ನಡಿಗ ಉತ್ತರಿಸಿದರೆ, ‘ತೊಂದರ ಲೇದು’ ಎಂಬ ತೆಲುಗು ನುಡಿಯ ನೆನಪಿನಲ್ಲಿ ಅದು ‘ಆತುರವಿಲ್ಲ, ಯಾವಾಗಲಾದರೂ ಕೊಟ್ಟರಾಯಿತು’ ಎಂಬ ಅಸಡ್ಡೆಯಾಗಿ ತೋರುತ್ತದೆ. ಈ ಎಲ್ಲ ತಪ್ಪು ಅರ್ಥಗಳೂ ಸನ್ನಿವೇಶಕ್ಕೆ ಸಲೀಸಾಗಿ ಹೊಂದುತ್ತವೆ. ಆದ್ದರಿಂದಲೇ ಯಾರೂ ನಗುವುದಿಲ್ಲ, ಯಾರೂ ಮತ್ತೆ ಕೇಳುವುದಿಲ್ಲ. ತಪ್ಪು ಪದದ ಮೇಲೆ ಬೀಳದೆ ಮನುಷ್ಯನ ಸ್ವಭಾವದ ಮೇಲೆ ಬೀಳುತ್ತದೆ.

5. ನಿಲ್ಲಿಸುವುದೋ, ನಡೆಸುವುದೋ: ‘ಚಾಲು’

ಕೊನೆಯ ಜೋಡಿಯಲ್ಲಿ ಅರ್ಥಗಳು ಎದುರುಬದುರಾಗಿವೆ. ತೆಲುಗಿನ ‘ಚಾಲು’ ಎಂದರೆ ಸಾಕು. ಕನ್ನಡದ ‘ಸಾಲದು’, ‘ಸಾಲುತ್ತದೆ’ ಎಂಬುವುಗಳ ಧಾತುವೇ ಅದು. ಮೂಲ ಚಕಾರ ಕನ್ನಡದಲ್ಲಿ ಸಕಾರವಾಗಿದೆ. ಆದರೆ ಕನ್ನಡದಲ್ಲಿ ಬೇರೆಯದೇ ಒಂದು ‘ಚಾಲು’ ಇದೆ. ಅದು ಮರಾಠಿ, ಹಿಂದಿಗಳ ಕಡೆಯಿಂದ ಬಂದದ್ದು. ‘ಚಾಲು ಮಾಡು’ ಎಂದರೆ ಯಂತ್ರವನ್ನು ಆರಂಭಿಸು. ಮಲೆನಾಡಿನ ಮಾತಿಗಿಂತ ಉತ್ತರ ಕರ್ನಾಟಕದವರ ಮಾತಿನಲ್ಲಿ ಇದು ಹೆಚ್ಚು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಬಳಿ ತೆಲುಗಿನವನು ‘ಚಾಲು!’ ಎಂದು ಕೂಗಿದರೆ ನಿಲ್ಲಿಸು ಎಂದೂ, ಹಿಂದಿ ಬಲ್ಲವನು ಅಥವಾ ಧಾರವಾಡದ ಕಡೆಯವನು ಅದೇ ಪದವನ್ನು ಕೂಗಿದರೆ ನಡೆಸು ಎಂದೂ ಆಗುತ್ತದೆ. ಎರಡೂ ಅರ್ಥ ಅಲ್ಲಿ ಒಪ್ಪುವುದರಿಂದ ಸನ್ನಿವೇಶದ ನೆರವು ಸಿಗದು. ತೆಲುಗಿನ ಚಕಾರ ಇಲ್ಲಿ ದಂತ್ಯವಾಗಿ, ‘ತ್ಸಾಲು’ ಎಂಬಂತೆ ಉಚ್ಚಾರವಾಗುವುದು ಒಂದು ಸುಳಿವು. ಆದರೆ ಮರಾಠಿಯ ‘ಚಾಲೂ’ ಕೂಡ ಹಾಗೆಯೇ ಉಚ್ಚಾರವಾಗುವುದರಿಂದ ಆ ಸುಳಿವನ್ನೂ ಪೂರ್ತಿ ನೆಚ್ಚುವಂತಿಲ್ಲ. ಸನ್ನೆಯೇ ಇಲ್ಲಿ ನಂಬಬಹುದಾದ ಭಾಷೆ.

6. ಸಮಾರೋಪ

ಹುಸಿಮಿತ್ರ ಪದಗಳನ್ನು ವ್ಯುತ್ಪತ್ತಿಯ ಆಧಾರದ ಮೇಲೆ ಆಕಸ್ಮಿಕ, ಜ್ಞಾತಿ, ಎರವಲು ಎಂದು ವಿಂಗಡಿಸುವುದು ಅವು ಹೇಗೆ ಹುಟ್ಟಿದವೆಂಬುದನ್ನು ಹೇಳುತ್ತದೆ. ಅವು ಹೇಗೆ ಬಾಳುತ್ತವೆಂಬುದನ್ನು ಹೇಳುವುದಿಲ್ಲ. ‘ಹಾಲು’ ಆಕಸ್ಮಿಕ, ‘ತೂಕ’ ಜ್ಞಾತಿ. ಎರಡೂ ಬೇಗ ಬಯಲಾಗುತ್ತವೆ. ‘ತೂಗು’ ಕೂಡ ಜ್ಞಾತಿಯೇ ಆದರೂ ಬಹುಕಾಲ ಅಡಗಿರುತ್ತದೆ. ‘ಅವಸರ’ದಲ್ಲಿ ಅರ್ಥಗಳು ತೀರ ಸಮೀಪ, ‘ಚಾಲು’ವಿನಲ್ಲಿ ನೇರ ವಿರುದ್ಧ, ಆದರೂ ಎರಡೂ ಸಮಾನವಾಗಿ ಅಪಾಯಕಾರಿ. ಆದ್ದರಿಂದ ವಲಸೆ ಕಾರ್ಮಿಕರಿಗಾಗಿ ಸಿದ್ಧಪಡಿಸುವ ಕಿರು ಪದಕೋಶಗಳಲ್ಲಿ ‘ಅವಸರ: ಆತುರ’ ಎಂದು ಬರೆದು ಮುಗಿಸುವುದು ಸಾಲದು. ‘ಅವಸರ ಇಲ್ಲ’ ಎಂಬ ಇಡೀ ನುಡಿಯನ್ನು, ಅದನ್ನು ಕೇಳಿದವನು ಏನು ಮಾಡಬೇಕೆಂಬುದರೊಂದಿಗೆ ಕೊಡಬೇಕು: ನಾಳೆ ಬಾ, ನಿಧಾನವಾಗಿ ಬಾ.