ನೋಟಿಸ್ ಹಣ, ಕೈತಪ್ಪಿದ ಬೋನಸ್: ಹೊಸ ಕಂಪನಿಯ ಹತ್ರ ಎಷ್ಟು ಕೇಳಬೇಕು?

ಬಿಳಗಿ ಕಡೆಯಿಂದ ಬಂದು ಬೆಂಗಳೂರಿನ ಐಟಿ ಕಂಪನಿಗಳಲ್ಲಿರುವ ಗೆಳೆಯರು ಕೆಲಸ ಬದಲಿಸುವಾಗ ನನ್ನನ್ನು ಕೇಳೋದು ಒಂದೇ: 'ನೋಟಿಸ್ ಬೈಔಟ್ ಹೊಸಬರು ಕೊಡ್ತಾರಾ?' ಬೇಗ ಬನ್ನಿ ಅಂತ ಅವಸರ ಮಾಡುವ ಕಂಪನಿ ಸಾಮಾನ್ಯವಾಗಿ ಕೊಡುತ್ತದೆ. ಕೇಳಬೇಕಾದದ್ದು ಎಷ್ಟು, ಯಾವ ಷರತ್ತಿನ ಮೇಲೆ ಅನ್ನೋದು.

ಮೊದಲು ಹಳೇ ನೇಮಕಾತಿ ಪತ್ರ ತೆಗೆದು ನೋಡಿ. ಬೈಔಟ್ ನಿಮ್ಮ ಹಕ್ಕೋ, ಕಂಪನಿಯ ಮರ್ಜಿಯೋ? ಮರ್ಜಿಯಾಗಿದ್ದರೆ ದುಡ್ಡು ಕಟ್ಟಿದರೂ ರಿಲೀವಿಂಗ್ ಲೆಟರ್ ತಡವಾಗಬಹುದು. ಕಡಿತ ಬೇಸಿಕ್ ಮೇಲೋ, ಒಟ್ಟು ಸಂಬಳದ ಮೇಲೋ ಅನ್ನೋದೂ ಅದರಲ್ಲೇ ಇರುತ್ತದೆ.

ಒಂದು ಲೆಕ್ಕ ಹಾಕೋಣ. 90 ದಿನದ ನೋಟಿಸ್‌ನಲ್ಲಿ 30 ದಿನ ಮಾತ್ರ ಕೆಲಸ ಮಾಡಿ ಹೊರಟಿರಿ. ಬೇಸಿಕ್ 60,000 ರೂ. ಆದರೆ ಕಡಿತ 1,20,000. ಏಪ್ರಿಲ್‌ನಲ್ಲಿ ಬರಬೇಕಿದ್ದ ವಾರ್ಷಿಕ ಬೋನಸ್ 1,00,000. ಆ ದಿನ ನೀವು ನೌಕರಿಯಲ್ಲಿಲ್ಲ, ಅದೂ ಹೋಯಿತು.

ಹಾಗಾದರೆ 2,20,000 ಕೇಳಿದರೆ ಸಾಕಾ? ಸಾಲದು. ಹೊಸ ಕಂಪನಿ ಕೊಡುವ ಈ ಹಣವನ್ನು ಸಂಬಳವೆಂದೇ ಲೆಕ್ಕ ಹಿಡಿದು ತೆರಿಗೆ ಕಡಿಯುತ್ತಾರೆ. ಬೋನಸ್ ಹಳೇ ಕಡೆ ಬಂದಿದ್ದರೂ ತೆರಿಗೆ ಇತ್ತು, ಹಾಗಾಗಿ ಅದಕ್ಕೆ ಒಂದು ಲಕ್ಷವೇ ಸರಿ. ನೋಟಿಸ್ ಕಡಿತದ ಕಥೆ ಬೇರೆ. ಹಳೇ ಕಂಪನಿ ಅದನ್ನು ಫಾರ್ಮ್ 16ರಲ್ಲಿ ಕಳೆಯದೆ ಪೂರ್ತಿ ಸಂಬಳ ತೋರಿಸಿದರೆ, ಕೈಗೇ ಬಾರದ ಹಣಕ್ಕೆ ತೆರಿಗೆ ಕಟ್ಟಿದ ಹಾಗಾಯಿತು. 20% ಹಂತದಲ್ಲಿರುವವರಿಗೆ ಸೆಸ್ ಸೇರಿ 20.8% ಹೋಗುತ್ತದೆ. ತೆರಿಗೆ ಕಳೆದು 1,20,000 ಉಳಿಯಬೇಕಾದರೆ 1,20,000ವನ್ನು 0.792ರಿಂದ ಭಾಗಿಸಿ: ಸುಮಾರು 1,51,500. ಬೋನಸ್ ಸೇರಿಸಿ ಒಟ್ಟು 2,51,500 ಕೇಳಬೇಕು. ಅಡಿಕೆ ಮಾರಿದವರು ದರ ಕೇಳಿ ಸುಮ್ಮನಾಗಲ್ಲ, ಖರ್ಚು ಕಳೆದು ಕೈಗೆಷ್ಟು ಅಂತ ನೋಡ್ತಾರಲ್ಲ, ಹಾಗೇ.

ಇದನ್ನು ಆಫರ್‌ಗೆ ಸಹಿ ಹಾಕುವ ಮುಂಚೆ, ಸಂಬಳದಿಂದ ಬೇರೆಯಾಗಿ ಕೇಳಿ. ನೋಟಿಸ್ ಷರತ್ತಿನ ಪುಟ, ಬೋನಸ್ ಪತ್ರ ಜೊತೆಗಿಡಿ. ಎಚ್‌ಆರ್ ಫೋನಲ್ಲಿ 'ನೋಡ್ಕೋತೀವಿ' ಅಂದರೆ ಅದು ಒಪ್ಪಿಗೆಯಲ್ಲ. ಮೊತ್ತ, ಯಾವ ತಿಂಗಳ ಸಂಬಳದ ಜೊತೆ ಬರುತ್ತದೆ ಅನ್ನೋದು ಆಫರ್ ಪತ್ರದಲ್ಲೇ ಇರಬೇಕು.

ಕೊನೆಗೆ, ವಾಪಸಾತಿ ಷರತ್ತು ಓದಿ. ವರ್ಷದೊಳಗೆ ಬಿಟ್ಟರೆ ಪೂರ್ತಿ ಹಿಂತಿರುಗಿಸಬೇಕು ಅಂತ ಬರೆದಿರುತ್ತಾರೆ. ಇಂಥ ಸಹಿ ಹಗುರವಲ್ಲ. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಕರ್ನಾಟಕ ಹೈಕೋರ್ಟ್ ರದ್ದು ಮಾಡಿತ್ತು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಎರಡು ತಿದ್ದುಪಡಿ ಕೇಳಿ: ವಾಪಸಾತಿ ತಿಂಗಳಿಗೆ ಹನ್ನೆರಡನೇ ಒಂದು ಪಾಲು ಇಳಿಯುತ್ತಾ ಹೋಗಲಿ, ಮತ್ತು ಕಂಪನಿಯೇ ಕೆಲಸದಿಂದ ತೆಗೆದರೆ ಏನೂ ಕೊಡುವಂತಿರಬಾರದು. ಎರಡನೆಯದಕ್ಕೆ ಒಪ್ಪದ ಕಂಪನಿಯ ಹಣವನ್ನು ವರ್ಷ ತುಂಬುವ ತನಕ ಸಾಲ ಅಂತಲೇ ತಿಳಿದು ಖರ್ಚು ಮಾಡದೆ ಇಡಿ.