ಹಾಡು ಹುಡುಕುವ ಪತ್ರ (ಹಾಸನ ಸೀಮೆ)

ಬಾನುಲಿಗೆ ಬರುವ ಕೋರಿಕೆ ಪತ್ರಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಕೇಳುಗರಿಗೆ ಹಾಡು ಗೊತ್ತಿರುತ್ತದೆ. ಚಿತ್ರದ ಹೆಸರು, ಹಾಡಿನ ಮೊದಲ ಸಾಲು, ಮನೆಮಂದಿಯ ಹೆಸರುಗಳು ಕಾರ್ಡಿನ ತುಂಬ ಇರುತ್ತವೆ. ಎರಡನೆಯದರಲ್ಲಿ ಹಾಡೇ ಕೈತಪ್ಪಿರುತ್ತದೆ. ಎಂದೋ ಕೇಳಿದ್ದು, ಪದಗಳು ಮಾಸಿವೆ, ರಾಗದ ಒಂದು ತಿರುವು ಮಾತ್ರ ಉಳಿದಿದೆ. ಈ ಲೇಖನ ಈ ಎರಡನೆಯ ಬಗೆಯನ್ನು ಕುರಿತದ್ದು.

ಕನ್ನಡ ನಾಡಿನ ಬಾನುಲಿ ಶುರುವಾದದ್ದು 1935ರಲ್ಲಿ, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರ ಮನೆಯಿಂದ. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು ಕೇಂದ್ರ 1955ರಲ್ಲಿ ಬಂದವು. ಹಾಸನಕ್ಕೆ ತನ್ನದೇ ಎಫ್‌ಎಂ ಕೇಂದ್ರ ಬರುವ ಮೊದಲು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ದೂರದ ಮಧ್ಯಮ ತರಂಗದ ಪ್ರಸಾರವನ್ನೇ ನೆಚ್ಚಿಕೊಂಡಿದ್ದರು. ರಾತ್ರಿಯಾದರೆ ಆ ದನಿ ಏರುತ್ತಿತ್ತು, ಇಳಿಯುತ್ತಿತ್ತು, ನಡುವೆ ಬೇರೊಂದು ಕೇಂದ್ರ ನುಸುಳುತ್ತಿತ್ತು. ಪಲ್ಲವಿ ಕೇಳಿಸಿ ಚರಣ ಮಾಯವಾಗುವುದು ಮಾಮೂಲಿ. ಎಷ್ಟೋ ಹಾಡುಗಳು ಅರ್ಧವಾಗಿಯೇ ನೆನಪಿಗೆ ಇಳಿದಿರುವುದಕ್ಕೆ ಮರೆವಿನಷ್ಟೇ ಈ ಪ್ರಸಾರವೂ ಕಾರಣ. ಹಾಸನ ಕೇಂದ್ರ 102.2 ಮೆಗಾಹರ್ಟ್ಸ್‌ನಲ್ಲಿ ಕೇಳಿಬರತೊಡಗಿದ ಮೇಲೆ ದನಿ ತಿಳಿಯಾಯಿತು, ಆದರೆ ಜನ ಹುಡುಕುತ್ತಿದ್ದದ್ದು ಅದಕ್ಕೂ ಹಿಂದಿನ ಹಾಡುಗಳನ್ನು.

ಕೇಂದ್ರದ ಕಡೆಯ ತೊಡಕು ಬೇರೆ. ಧ್ವನಿಮುದ್ರಿಕೆಗಳ ಭಂಡಾರದಲ್ಲಿ ಹಾಡನ್ನು ಹುಡುಕುವುದು ಚಿತ್ರದ ಹೆಸರು, ಗಾಯಕರು, ಪಲ್ಲವಿಯ ಮೊದಲ ಪದ, ಇವುಗಳಿಂದ. ಪತ್ರ ಬರೆದವರಿಗೆ ನೆನಪಿರುವುದು ಚರಣದ ಒಂದು ಪದ, ಇಲ್ಲವೆ ತಾಳವಿಲ್ಲದೆ ಆರಂಭದಲ್ಲಿ ಬರುವ ಸಾಕಿ. ಸಾಕಿಯನ್ನೇ ಪಲ್ಲವಿಯೆಂದು ಬಗೆದು ಬರೆದ ಪತ್ರ ಸೂಚಿಯಲ್ಲಿ ತಪ್ಪು ಅಕ್ಷರಕ್ಕೆ ಕರೆದೊಯ್ಯುತ್ತದೆ. ಆದ್ದರಿಂದ ಇಂಥ ಪತ್ರವನ್ನು ಓದುವ ಅನುಭವಿ, ಉಲ್ಲೇಖಿಸಿದ ಪದಕ್ಕಿಂತ ಸುತ್ತಲಿನ ವಿವರಕ್ಕೆ ಹೆಚ್ಚು ಬೆಲೆ ಕೊಡುತ್ತಾನೆ: ಯಾವ ಹೊತ್ತಿನಲ್ಲಿ ಕೇಳಿದ್ದು, ಗಂಡು ದನಿಯೋ ಹೆಣ್ಣು ದನಿಯೋ, ಪರದೆಯ ಮೇಲೆ ಯಾರಿದ್ದರು.

ಒಂದು ಮಾದರಿಯನ್ನು ನೋಡೋಣ. ಹೊಳೆನರಸೀಪುರದ ಕೇಳುಗರೊಬ್ಬರು ಹೀಗೆ ಬರೆದರೆನ್ನಿ: ರಾಜಕುಮಾರ್ ಹಾಡು, ದೇವರ ಬಾಗಿಲ ಮುಂದೆ ನಿಂತು ಬೇಡುವುದು, ಅಜ್ಜಿಯ ಮನೆಯಲ್ಲಿ ಬೆಳಿಗ್ಗೆ ಕೇಳಿದ್ದು. ದೇವರ ಬಾಗಿಲು ಎಂದೊಡನೆ ಉಡುಪಿ, ಕನಕದಾಸರು, ಬಾಗಿಲು ತೆರೆಯೆಂದು ಬೇಡುವ ಅವರ ಕೀರ್ತನೆ ನೆನಪಾಗಬೇಕು. ಬೆಳಗಿನ ಹೊತ್ತು ಭಕ್ತಿಗೀತೆಗಳದ್ದು, ಹಾಗಾಗಿ ಮೊದಲು ಕೈ ಹೋಗುವುದು ದಾಸರಪದಗಳ ಕಪಾಟಿಗೆ. ಅಲ್ಲಿ ಆ ಕೀರ್ತನೆ ಬೇರೆ ಬೇರೆ ಗಾಯಕರ ಕಂಠದಲ್ಲಿ ಸಿಗಬಹುದು, ಆದರೆ ಅದು ಪತ್ರದವರ ಹಾಡಲ್ಲ. ‘ರಾಜಕುಮಾರ್’ ಎಂಬ ಒಂದು ಪದ ಅದನ್ನು ಚಿತ್ರಗೀತೆಗಳ ಕಪಾಟಿಗೆ ಎಳೆದು ತರುತ್ತದೆ. 1960ರ ‘ಭಕ್ತ ಕನಕದಾಸ’ ಚಿತ್ರದಲ್ಲಿ ಆ ಕೀರ್ತನೆಯನ್ನು ಪರದೆಯ ಮೇಲಿನ ರಾಜಕುಮಾರ್‌ಗಾಗಿ ಹಾಡಿದವರು ಪಿ.ಬಿ. ಶ್ರೀನಿವಾಸ್. ಸಾಹಿತ್ಯ ಕನಕದಾಸರದು, ದನಿ ಪಿ.ಬಿ.ಎಸ್. ಅವರದು, ಕೇಳುಗರ ಮನಸ್ಸಿನಲ್ಲಿ ಅಚ್ಚಾಗಿದ್ದು ನಟನ ಹೆಸರು. ಮೂರೂ ಬೇರೆ ಬೇರೆ ಕಡೆ ದಾಖಲಾಗಿರುವುದರಿಂದಲೇ ಹಾಡು ತಪ್ಪಿಹೋಗಿತ್ತು.

ಇಲ್ಲಿ ದನಿಯೇ ಕಾಲವನ್ನೂ ಹೇಳುತ್ತದೆ. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜಕುಮಾರ್ ತಮ್ಮ ಹಾಡುಗಳನ್ನು ಬಹುಮಟ್ಟಿಗೆ ತಾವೇ ಹಾಡಿದರು. ಅವರ ಪಾತ್ರಕ್ಕೆ ಪಿ.ಬಿ.ಎಸ್. ದನಿಯಿದ್ದರೆ ಹಾಡು ಬಹುಶಃ ಅದಕ್ಕೂ ಹಿಂದಿನದು. ಆದರೆ ಅವರದೇ ದನಿಯಿದ್ದ ಮಾತ್ರಕ್ಕೆ ಹಾಡು 1974ರ ನಂತರದ್ದೆಂದು ತೀರ್ಮಾನಿಸಿದರೆ ಮೋಸಹೋಗುತ್ತೇವೆ, ‘ಓಹಿಲೇಶ್ವರ’ದಲ್ಲಿ (1956) ಅವರು ಆಗಲೇ ಹಾಡಿದ್ದರು.

ಇನ್ನೊಂದು ಗೊಂದಲ ಡಬ್ಬಿಂಗ್‌ನಿಂದ ಬಂದದ್ದು. ರಾಗ ಚೆನ್ನಾಗಿ ನೆನಪಿದೆ, ಪದಗಳು ಮಾತ್ರ ಕನ್ನಡವೋ ತೆಲುಗೋ ತಿಳಿಯದು ಎಂದು ಬರೆಯುವವರ ನೆನಪು ತಪ್ಪಿರಲೇಬೇಕೆಂದಿಲ್ಲ. ತೆಲುಗಿನ ‘ಮಾಯಾಬಜಾರ್’ (1957) 1965ರಲ್ಲಿ ಕನ್ನಡದ ಮಾತು ತೊಟ್ಟು ಬಂತು. ಅಂಥ ಚಿತ್ರಗಳಲ್ಲಿ ರಾಗ ಹಾಗೆಯೇ ಉಳಿದು, ನಟರ ತುಟಿಯ ಚಲನೆಗೆ ಒಗ್ಗುವಂತೆ ಹೊಸ ಪದ ಕೂರುತ್ತಿತ್ತು. ಆಮೇಲೆ ಡಬ್ಬಿಂಗ್ ನಿಂತಿತು. ಅದರ ವಿರುದ್ಧ ಮುಂದೆ ನಿಂತವರಲ್ಲಿ ಒಬ್ಬರು ಹೆಸರಿನಲ್ಲೇ ಅರಕಲಗೂಡನ್ನು ಹೊತ್ತ ಅ.ನ. ಕೃಷ್ಣರಾಯರು.

ಎಲ್ಲ ಪತ್ರಗಳಿಗೂ ಉತ್ತರ ಸಿಗುವುದಿಲ್ಲ. ಭಾವಗೀತೆಯಾದರೆ ಒಂದೇ ಕವಿತೆಗೆ ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಬೇರೆ ಬೇರೆ ಧಾಟಿ ಕೂರಿಸಿರಬಹುದು. ಆಗ ಪದ ಸಿಕ್ಕರೂ ಹಾಡು ಸಿಗದು, ಪ್ರಸಾರವಾದ ಮೇಲೆ ‘ಇದಲ್ಲ’ ಎಂದು ಮತ್ತೊಂದು ಕಾರ್ಡು ಬರುತ್ತದೆ. ಆ ಎರಡನೆಯ ಕಾರ್ಡು ಹೆಚ್ಚು ಉಪಯುಕ್ತ, ಏಕೆಂದರೆ ಈಗ ಹೋಲಿಸಲು ಒಂದು ಧಾಟಿಯಿದೆ: ಇದಕ್ಕಿಂತ ನಿಧಾನವೋ, ಹೆಣ್ಣು ದನಿಯೋ ಎಂದು ಬರೆಯಬಲ್ಲರು. ತೀರ ಕಷ್ಟದ್ದು ಊರಿನ ತಂಡಗಳು ಸ್ಟುಡಿಯೋದಲ್ಲಿ ಹಾಡಿದ ಸೋಬಾನೆ, ಬೀಸುವ ಪದಗಳು. ಅವುಗಳಿಗೆ ಮಾರುಕಟ್ಟೆಯ ಮುದ್ರಿಕೆಯಿಲ್ಲ. ಟೇಪನ್ನು ಅಳಿಸಿ ಮತ್ತೆ ಬಳಸುವ ರೂಢಿಯಿದ್ದ ಕಾಲದಲ್ಲಿ ಅಂಥ ಧ್ವನಿಮುದ್ರಣ ಉಳಿಯುವ ಭರವಸೆಯಿರಲಿಲ್ಲ. ಅಂಥ ಪತ್ರಕ್ಕೆ ಭಂಡಾರದಲ್ಲಿ ಉತ್ತರವಿಲ್ಲದಿದ್ದರೆ, ಪತ್ರವನ್ನು ಪ್ರಸಾರದಲ್ಲೇ ಓದಿ, ಆ ಪದ ಬಲ್ಲ ಹಿರಿಯ ಕೇಳುಗರು ಬರೆದು ಕಳಿಸುವಂತೆ ಕೇಳುವುದೊಂದೇ ದಾರಿ.