ಒಂದೇ ನಲ್ಲಿಯಲ್ಲಿ ನೀರು ಸಣ್ಣಗೆ ಬರುವುದೇಕೆ?

ಅಡುಗೆಮನೆಯ ನಲ್ಲಿ ತಿರುಗಿಸಿದರೆ ನೀರು ಧಾರಾಳವಾಗಿ ಬರುತ್ತದೆ, ಬಚ್ಚಲುಮನೆಯಲ್ಲೂ ಬಕೆಟ್ ಬೇಗ ತುಂಬುತ್ತದೆ. ಕೈತೊಳೆಯುವ ಬೇಸಿನ್ನಿನ ನಲ್ಲಿಯಲ್ಲಿ ಮಾತ್ರ ನೂಲಿನಂತೆ ನೀರು. ಇಂಥ ಹೊತ್ತಿನಲ್ಲಿ ಮೊದಲು ಕೇಳಿಬರುವ ಮಾತು 'ಪ್ರೆಶರ್ ಕಡಿಮೆ, ಒಂದು ಪಂಪ್ ಹಾಕಿಸಿ' ಎಂಬುದು. ಅದು ಸರಿಯಲ್ಲ.

ಮನೆಯ ಮೇಲಿನ ಟ್ಯಾಂಕಿನಿಂದ ಬರುವ ನೀರಿನ ಒತ್ತಡ ಟ್ಯಾಂಕಿನಲ್ಲಿರುವ ನೀರಿನ ಮಟ್ಟ ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ನಿಂತಿರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಎಂಬುದು ಲೆಕ್ಕ. ಒಂದೇ ಮಹಡಿಯಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವ ಎರಡು ನಲ್ಲಿಗಳಿಗೆ ಸಿಗುವ ಒತ್ತಡವೂ ಒಂದೇ. ಪಕ್ಕದ ನಲ್ಲಿಯಲ್ಲಿ ನೀರು ಚೆನ್ನಾಗಿ ಬರುತ್ತಿದೆ ಎಂದರೆ ಟ್ಯಾಂಕ್, ಅದರ ಗೇಟ್ ವಾಲ್ವ್, ಕೆಳಗಿಳಿಯುವ ದೊಡ್ಡ ಪೈಪು ಎಲ್ಲವೂ ನಿರಪರಾಧಿಗಳು. ತಡೆ ಇರುವುದು ಆ ಒಂದು ನಲ್ಲಿಗೆಂದು ಪೈಪು ಕವಲೊಡೆದ ಮೇಲಿನ ದಾರಿಯಲ್ಲಿ. ಆ ದಾರಿಯಲ್ಲಿ ಕೈಗೆ ಸಿಗುವ ಜಾಗಗಳು ಹೆಚ್ಚಿಲ್ಲ: ಬೇಸಿನ್ನಿನ ಕೆಳಗೆ ಗೋಡೆಯಿಂದ ಹೊರಬಂದಿರುವ ಆಂಗಲ್ ಕಾಕ್, ಅಲ್ಲಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪ್, ನಲ್ಲಿಯ ಒಳಭಾಗ, ಕೊನೆಗೆ ನಲ್ಲಿಯ ಬಾಯಲ್ಲಿರುವ ಜಾಲರಿ. ಹೆಚ್ಚಿನ ಸಲ ತಪ್ಪು ಇರುವುದು ಮೊದಲನೆಯದರಲ್ಲಿ ಅಥವಾ ಕೊನೆಯದರಲ್ಲಿ. ಎರಡರಲ್ಲೂ ಇದ್ದಾಗಲೇ ಗೊಂದಲ.

ಆಂಗಲ್ ಕಾಕ್ ಅರ್ಧ ಮುಚ್ಚಿದ್ದರೂ ಅದು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ನಲ್ಲಿ ಬದಲಿಸಿದ ಪ್ಲಂಬರ್ ಅದನ್ನು ಪೂರ್ತಿ ತೆರೆಯದೆ ಹೋಗಿರಬಹುದು. ಬೇಸಿನ್ನಿನಿಂದ ನೀರು ಹೊರಗೆ ಸಿಡಿಯುತ್ತದೆಂದು ಮನೆಯವರೇ ಯಾವಾಗಲೋ ಬಿಗಿ ಮಾಡಿರಬಹುದು. ಕಾಲು ಸುತ್ತಿಗೇ ಮುಚ್ಚುವ ಹೊಸ ಬಗೆಯ ಕಾಕ್ ಆದರೆ ಬಕೆಟ್ಟಿನ ಅಂಚು ತಗುಲಿದರೂ ಸಾಕು, ಸ್ವಲ್ಪ ಹೊರಳುತ್ತದೆ. ಹೀಗೆ ಅರೆಮುಚ್ಚಿದ ಕಾಕ್ ನಲ್ಲಿ ನಿಂತಿರುವಾಗ ಒತ್ತಡವನ್ನು ಕಿಂಚಿತ್ತೂ ಇಳಿಸುವುದಿಲ್ಲ. ನೀರು ಹರಿಯತೊಡಗಿದಾಗ ಮಾತ್ರ ಅದು ತಡೆಯುತ್ತದೆ, ಹರಿವು ಎರಡು ಪಟ್ಟಾದರೆ ಅಲ್ಲಿ ಕಳೆದುಹೋಗುವ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ನಲ್ಲಿಯನ್ನು ಸ್ವಲ್ಪ ತೆರೆದಾಗ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಧಾರೆ ಮಾತ್ರ ದಪ್ಪವಾಗುವುದಿಲ್ಲ.

ಜಾಲರಿಯ ಕತೆ ಬೇರೆ. ಇದಕ್ಕೆ ಏರೇಟರ್ ಎನ್ನುತ್ತಾರೆ, ನೀರಿನೊಡನೆ ಗಾಳಿ ಬೆರೆಸಿ ಧಾರೆ ಮೆತ್ತಗೆ, ಸಿಡಿಯದಂತೆ ಬರುವ ಹಾಗೆ ಮಾಡುವುದು ಇದರ ಕೆಲಸ. ಒಳಗೆ ಸಣ್ಣ ತೂತುಗಳ ಪ್ಲಾಸ್ಟಿಕ್ ಬಿಲ್ಲೆ, ಅದರ ಜೊತೆಗೆ ಒಂದೆರಡು ಪದರ ಬಲೆ ಇರುತ್ತವೆ. ಟ್ಯಾಂಕ್ ತೊಳೆದ ಮೇಲೆ, ಪೈಪ್ ರಿಪೇರಿ ಆದ ಮೇಲೆ ಮರಳು, ಪಿವಿಸಿ ಚೂರು, ಟೆಫ್ಲಾನ್ ಟೇಪಿನ ಎಳೆ, ಹಳೆಯ ಕಬ್ಬಿಣದ ಪೈಪಾದರೆ ತುಕ್ಕು, ಎಲ್ಲವೂ ಇಲ್ಲೇ ಬಂದು ಸೇರುತ್ತವೆ. ಕೊಳವೆಬಾವಿಯ ಗಡಸು ನೀರಾದರೆ ತೂತುಗಳ ಸುತ್ತ ಬಿಳಿ ಹಕ್ಕಳೆಯೂ ಕಟ್ಟುತ್ತದೆ. ಧಾರೆ ಓರೆಯಾಗಿ ಬೀಳುವುದು ಅಥವಾ ಎರಡು ಮೂರಾಗಿ ಸೀಳುವುದು ಜಾಲರಿ ಕಟ್ಟಿರುವುದರ ಗುರುತು. ಧಾರೆ ದುಂಡಗೆ, ನೇರವಾಗಿ, ಆದರೆ ಸಣ್ಣಗೆ ಬರುತ್ತಿದ್ದರೆ ಅನುಮಾನ ಕಾಕ್ ಕಡೆಗೆ ಹೋಗಬೇಕು.

ಕಣ್ಣಂದಾಜಿಗಿಂತ ಒಂದು ಲೀಟರಿನ ಬಾಟಲಿ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಹೆಚ್ಚು ನಂಬಿಕೆಗೆ ಅರ್ಹ. ಒಂದು ಉದಾಹರಣೆ ನೋಡೋಣ. ನಲ್ಲಿ ಪೂರ್ತಿ ತೆರೆದು ಹಿಡಿದರೆ ಒಂದು ಲೀಟರ್ ತುಂಬಲು 40 ಸೆಕೆಂಡ್ ಬೇಕಾಯಿತು ಎಂದುಕೊಳ್ಳಿ. ಜಾಲರಿ ಬಿಚ್ಚಿ ಹಿಡಿದಾಗ 20 ಸೆಕೆಂಡ್. ಆಮೇಲೆ ಆಂಗಲ್ ಕಾಕ್ ಪೂರ್ತಿ ತೆರೆದಾಗ 10 ಸೆಕೆಂಡ್. ಅಂದರೆ ಎರಡೂ ಕಡೆ ತಡೆಯಿತ್ತು, ಸರಿ. ಆದರೆ ಜಾಲರಿಯನ್ನು ಮುಟ್ಟದೆ ಮೊದಲು ಕಾಕ್ ತೆರೆದಿದ್ದರೆ ಏನಾಗುತ್ತಿತ್ತು?

ಒಂದರ ಹಿಂದೊಂದು ಇರುವ ತಡೆಗಳನ್ನು ಕೂಡಿಸುವಾಗ ಸಮಯವನ್ನಲ್ಲ, ಸಮಯದ ವರ್ಗವನ್ನು ಕೂಡಿಸಬೇಕು. 40ರ ವರ್ಗ 1600, 20ರ ವರ್ಗ 400, ಹಾಗಾಗಿ ಜಾಲರಿಯ ಪಾಲು 1200. 10ರ ವರ್ಗ 100, ಹಾಗಾಗಿ ಕಾಕ್‌ನ ಪಾಲು 300. ಕಾಕ್ ಒಂದನ್ನೇ ಸರಿಮಾಡಿದ್ದರೆ ಉಳಿಯುತ್ತಿದ್ದದ್ದು 1300, ಅದರ ವರ್ಗಮೂಲ ಸುಮಾರು 36. ನಲವತ್ತು ಸೆಕೆಂಡ್ ಮೂವತ್ತಾರಾದರೆ ಯಾರ ಕಣ್ಣಿಗೂ ಕಾಣದು. 'ಕಾಕ್ ತೆರೆದು ನೋಡಿದೆ, ಏನೂ ವ್ಯತ್ಯಾಸವಾಗಲಿಲ್ಲ' ಎಂದು ಅದನ್ನು ಮತ್ತೆ ಮೊದಲಿದ್ದಲ್ಲಿಗೇ ತಿರುಗಿಸುವವರೂ ಇದ್ದಾರೆ. ದೊಡ್ಡ ತಡೆ ಇರುವಾಗ ಚಿಕ್ಕ ತಡೆ ಅದರ ಹಿಂದೆ ಅಡಗಿ ಕೂರುತ್ತದೆ. ಆದ್ದರಿಂದ ಜಾಲರಿ ಬಿಚ್ಚುವುದನ್ನು ಮೊದಲು ಮಾಡಬೇಕು, ಅದನ್ನು ಹೊರಗೇ ಇಟ್ಟು ಕಾಕ್ ಪರೀಕ್ಷಿಸಬೇಕು.

ಜಾಲರಿ ಬಿಚ್ಚುವ ಮೊದಲು ಬೇಸಿನ್ನಿನ ತೂತಿಗೆ ಬಟ್ಟೆ ತುರುಕಿ, ಸಣ್ಣ ಬಿಲ್ಲೆಗಳು ಜಾರಿ ಹೋಗುವುದು ಅಲ್ಲಿಗೇ. ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ಕೈಗೆ ಬಾರದಿದ್ದರೆ ಬಟ್ಟೆ ಸುತ್ತಿ ಪ್ಲೈಯರ್ ಹಿಡಿಯಿರಿ, ಇಲ್ಲವಾದರೆ ಕ್ರೋಮ್ ಲೇಪಕ್ಕೆ ಗೀರು ಬೀಳುತ್ತದೆ. ಒಳಗಿನ ಭಾಗಗಳು ಯಾವ ಕ್ರಮದಲ್ಲಿವೆ ಎಂದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮರಳನ್ನು ಹಳೆಯ ಟೂತ್‌ಬ್ರಷ್ಷಿನಿಂದ, ನೀರು ಬರುವ ದಿಕ್ಕಿಗೆ ಎದುರಾಗಿ ತೊಳೆದರೆ ಹೋಗುತ್ತದೆ. ಬಿಳಿ ಹಕ್ಕಳೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ವಿನೆಗರ್ ಅಥವಾ ನಿಂಬೆರಸದಲ್ಲಿ ಅರ್ಧ ಗಂಟೆ ಇಟ್ಟರೆ ಗುಳ್ಳೆಯೆದ್ದು ಕರಗತೊಡಗುತ್ತದೆ, ಗಟ್ಟಿಯಾಗಿದ್ದರೆ ರಾತ್ರಿಯಿಡೀ ಬಿಡಬೇಕಾದೀತು. ಟೈಲ್ಸ್ ತೊಳೆಯುವ ಆಸಿಡ್ ಬೇಡವೇ ಬೇಡ. ಅದು ಹಕ್ಕಳೆಯ ಜೊತೆ ನಲ್ಲಿಯ ಹೊಳಪನ್ನೂ ತಿನ್ನುತ್ತದೆ.

ಕಾಕ್ ತೆರೆಯಲು ಎದುರು ನಿಂತು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಹಳೆಯ ಬಗೆಯದು ಹಲವು ಸುತ್ತು ತಿರುಗುತ್ತದೆ. ಅದನ್ನು ಕೊನೆಯವರೆಗೆ ತೆರೆದು ಸ್ವಲ್ಪ ಹಿಂದಕ್ಕೆ ತಂದು ಬಿಟ್ಟರೆ ಮುಂದೆ ಕಚ್ಚಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಮುಟ್ಟದ ಕಾಕ್ ಬಿಗಿಯಾಗಿದ್ದರೆ ಬಲವಂತ ಮಾಡಬಾರದು, ಗೋಡೆಯೊಳಗಿನ ಜೋಡಣೆ ಮುರಿದರೆ ಕೆಲಸ ಎಲ್ಲಿಗೋ ಹೋಗುತ್ತದೆ. ಮೊದಲು ಟ್ಯಾಂಕಿನ ವಾಲ್ವ್ ಮುಚ್ಚಲು ಬರುತ್ತದೆಯೇ ಎಂದು ನೋಡಿಕೊಂಡಿರುವುದು ಒಳ್ಳೆಯದು. ಕಾಕ್ ತಿರುಗಿಸಿದಾಗ ಒಳಗಿನ ಹಕ್ಕಳೆ ಸಡಿಲವಾಗಿ ಬರುವುದರಿಂದ ಜಾಲರಿ ಹಾಕುವ ಮುನ್ನ ಒಂದು ನಿಮಿಷ ನೀರು ಹಾಗೇ ಹರಿಯಬಿಡಿ. ಈ ಹೆಜ್ಜೆ ಬಿಟ್ಟರೆ ತೊಳೆದ ಜಾಲರಿ ಅರ್ಧ ಗಂಟೆಯಲ್ಲಿ ಮತ್ತೆ ಕಟ್ಟುತ್ತದೆ. ಮೇಲಿನ ಉದಾಹರಣೆಯಲ್ಲಿ ಶುದ್ಧ ಜಾಲರಿ ಹಾಕಿದ ಮೇಲೆ 11 ಸೆಕೆಂಡ್ ಬಂದರೆ ಅದು ಸಹಜವೇ.

ಇಷ್ಟು ಮಾಡಿಯೂ ಧಾರೆ ಸಣ್ಣಗಿದ್ದರೆ? ಕಾಕ್ ಮುಚ್ಚಿ, ಕನೆಕ್ಷನ್ ಪೈಪನ್ನು ನಲ್ಲಿಯ ತುದಿಯಲ್ಲಿ ಬಿಚ್ಚಿ ಬಕೆಟ್ಟಿಗೆ ಹಿಡಿದು ಕಾಕ್ ತೆರೆಯಿರಿ. ನೀರು ಜೋರಾಗಿ ಬಂದರೆ ದೋಷ ನಲ್ಲಿಯೊಳಗೆ. ಬಾರದಿದ್ದರೆ ಪೈಪು ಮಡಚಿರಬಹುದು, ಅದರ ವಾಷರ್ ಹಿಗ್ಗಿ ತೂತನ್ನು ಮುಚ್ಚಿರಬಹುದು, ಅಥವಾ ಕಾಕ್‌ನ ಹಿಡಿ ಮಾತ್ರ ತಿರುಗಿ ಒಳಗಿನ ವಾಷರ್ ಏಳದೆ ಕುಳಿತಿರಬಹುದು. ಕಾಕ್ ಬದಲಿಸಿದರೂ ಸರಿಹೋಗದಿದ್ದರೆ ಮಾತ್ರ ಗೋಡೆಯೊಳಗಿನ ಪೈಪಿನ ಮಾತು.

ಬಿಸಿನೀರು ತಣ್ಣೀರು ಎರಡೂ ಬರುವ ಮಿಕ್ಸರ್ ನಲ್ಲಿಯಲ್ಲಿ ಇನ್ನೊಂದು ಸುಲಭದ ಸುಳಿವಿದೆ. ತಣ್ಣೀರು ಚೆನ್ನಾಗಿ ಬಂದು ಬಿಸಿನೀರು ಮಾತ್ರ ಸಣ್ಣಗಿದ್ದರೆ ಜಾಲರಿಯನ್ನು ಬಿಚ್ಚುವ ಅಗತ್ಯವೇ ಇಲ್ಲ, ಎರಡೂ ಹೊರಬರುವುದು ಅದೇ ಬಾಯಿಂದ. ಬಿಸಿನೀರಿನ ಬದಿಯ ಆಂಗಲ್ ಕಾಕ್ ನೋಡಿ, ಅದು ಸರಿಯಿದ್ದರೆ ಗೀಸರಿಗೆ ತಣ್ಣೀರು ಹೋಗುವ ಕಾಕ್ ನೋಡಿ.